ಬೇಲಿ ಮೇಲೆ ಗಿಡ ನೆಡ್ತಾರಾ ಸಾರ್?

ಜುಲೈ ತಿಂಗಳ ಬಣಕಲ್ಲಿನಲ್ಲಿ ನೋಟಿಸ್ ಬೋರ್ಡಿಗೆ ಹಚ್ಚಿದ ಹಾಳೆಗೆ ಮೂರು ದಿನದ ಆಯುಸ್ಸು. ಚಾರ್ಮಾಡಿ ಕಡೆಯಿಂದ ಬರುವ ಗಾಳಿ ಮಳೆಯನ್ನು ಶಾಲೆಯ ಜಗಲಿಯೊಳಕ್ಕೇ ತಂದು ಹಾಕುತ್ತದೆ. ಜೆಲ್ ಪೆನ್ನಿನಲ್ಲಿ ಬರೆದದ್ದು ಹರಡಿ ನೀಲಿ ಮಚ್ಚೆಯಾಗುತ್ತದೆ, ಗುಂಡುಪಿನ್ನಿನ ಸುತ್ತ ತುಕ್ಕಿನ ಉಂಗುರ ಏಳುತ್ತದೆ, ಹಾಳೆಯ ಕೆಳತುದಿ ಹಪ್ಪಳದಂತೆ ಮಡಚಿಕೊಳ್ಳುತ್ತದೆ. ಇಲ್ಲಿನ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುವ ನನ್ನ ಗೆಳೆಯರು "ವಾರಕ್ಕೊಂದು ಒಗಟು ಹಾಕೋಣ, ನೋಟಿಸು ನೀವೇ ಬರೆದುಕೊಡಿ, ನೀವು ಬರೆಯೋರಲ್ವಾ" ಎಂದಾಗ ನನಗೆ ಕಂಡ ತೊಂದರೆ ಮಳೆಯದ್ದೊಂದೇ. ಹಾಗಾಗಿ ಬಾಲ್ ಪೆನ್ನಿನಲ್ಲಿ ದಪ್ಪಗೆ ಬರೆದು, ಪ್ಲಾಸ್ಟಿಕ್ ಕವರಿನೊಳಗೆ ಹಾಕಿ, ಕವರಿನ ಬಾಯಿ ಕೆಳಗೆ ಬರುವಂತೆ ಹಚ್ಚಿಸಿದೆ. ಹಾಳೆಗೇನೋ ಏನೂ ಆಗಲಿಲ್ಲ. ಆದರೆ ಅದರಲ್ಲಿ ಬರೆದ ಮೂರು ಸಾಲು ವಾರ ಮುಗಿಯುವುದರೊಳಗೆ ಪೂರ್ತಿ ಕೊಚ್ಚಿಕೊಂಡು ಹೋಯಿತು.

ಆ ಮೂರು ಸಾಲು ಹೀಗಿದ್ದವು: "ಪ್ರತಿ ವಾರ ಒಂದು ಒಗಟು. ಉತ್ತರವನ್ನು ಬರೆದು ಕೊಡಿ. ಮೊದಲು ಸರಿ ಉತ್ತರ ಕೊಟ್ಟವರಿಗೆ ಬಹುಮಾನ." ಅದರ ಕೆಳಗೆ ಒಗಟು: "60 ಅಡಿ ಉದ್ದದ ಜಾಗ. 6 ಅಡಿಗೆ ಒಂದರಂತೆ ಒಂದು ಸಾಲು ಕಾಫಿ ಗಿಡ ನೆಡಬೇಕು. ಎಷ್ಟು ಗಿಡ ಬೇಕು?"

ಇದರ ಒಳಗುಟ್ಟು ಗೊತ್ತಿರುವವರಿಗೆ ಗೊತ್ತು. ಅವಸರದವರು 60ನ್ನು 6ರಿಂದ ಭಾಗಿಸಿ 10 ಎನ್ನುತ್ತಾರೆ. ನಿಧಾನಸ್ಥರು ಚಿತ್ರ ಬರೆದು, ಹತ್ತು ಸಂದುಗಳಿಗೆ ಹನ್ನೊಂದು ಗಿಡ ಬೇಕೆಂದು ಕಂಡುಕೊಳ್ಳುತ್ತಾರೆ. ನಾನು 11 ಎಂದು ಉತ್ತರ ಬರೆದಿಟ್ಟುಕೊಂಡು ಹಾಯಾಗಿದ್ದೆ.

ಏಳನೇ ತರಗತಿಯ ಹುಡುಗಿಯೊಬ್ಬಳು 10 ಎಂದು ಬರೆದಿದ್ದಳು, ಚಿತ್ರದ ಸಮೇತ. ಅವಳ ಅಪ್ಪ ಎಸ್ಟೇಟೊಂದರಲ್ಲಿ ರೈಟರು. ಚಿತ್ರದಲ್ಲಿ ಮೊದಲ ಗಿಡ ಬೇಲಿಯಿಂದ ಮೂರು ಅಡಿ ಒಳಗಿತ್ತು, ಕೊನೆಯದು ಆಚೆ ಬೇಲಿಯಿಂದ ಮೂರು ಅಡಿ ಈಚೆ. ನಡುವೆ ಆರಾರು ಅಡಿಯ ಒಂಬತ್ತು ಸಂದು. ಒಟ್ಟು ಅರವತ್ತು ಅಡಿ, ಹತ್ತು ಗಿಡ. ಮೇಷ್ಟ್ರು ತಪ್ಪು ಎಂದದ್ದಕ್ಕೆ ಅವಳು ಕೇಳಿದ್ದು ಒಂದೇ ಮಾತು: "ಬೇಲಿ ಮೇಲೆ ಗಿಡ ನೆಡ್ತಾರಾ ಸಾರ್?"

ನೆಡುವುದಿಲ್ಲ. ನಮ್ಮ ಕಡೆ ಆರಡಿಗೆ ಆರಡಿ ಅಂತರದ ಅರೇಬಿಕಾಕ್ಕೆ ಎಕರೆಗೆ 1,210 ಗಿಡ ಎನ್ನುವ ಲೆಕ್ಕ ಬಂದಿರುವುದೇ ಅವಳ ದಾರಿಯಲ್ಲಿ. ಎಕರೆ ಎಂದರೆ 43,560 ಚದರ ಅಡಿ. ಒಂದೊಂದು ಗಿಡಕ್ಕೂ ತನ್ನದೇ 36 ಚದರ ಅಡಿ ಎಂದು ಭಾಗಿಸಿದರೆ 1,210. ಗಿಡ ತನ್ನ ಚೌಕದ ನಡುವೆ ನಿಲ್ಲುತ್ತದೆ, ಅಂಚಿಗೆ ಅರ್ಧ ಅಂತರ ಬಿಟ್ಟುಕೊಳ್ಳುತ್ತದೆ. ನನ್ನ ಜಾಣ ಲೆಕ್ಕ ನಂಬಿ ಅರವತ್ತಕ್ಕೆ ಅರವತ್ತಡಿಯ ಜಾಗಕ್ಕೆ ಗುಂಡಿ ತೆಗೆಸಲು ಹೊರಟರೆ ನೂರು ಗುಂಡಿಯ ಬದಲು ನೂರ ಇಪ್ಪತ್ತೊಂದು ಆಗುತ್ತಿತ್ತು. ಆ ಹೆಚ್ಚುವರಿ ಇಪ್ಪತ್ತೊಂದು ಗುಂಡಿಯ ಕೂಲಿಯನ್ನು ಅವಳ ಅಪ್ಪ ಯಾರ ಖಾತೆಗೆ ಬರೆಯಬೇಕು?

ತಪ್ಪು ಒಗಟಿನದಲ್ಲ, ನಾನು ಆರಿಸಿಕೊಂಡ ವಸ್ತುವಿನದು. ಇದೇ ಲೆಕ್ಕವನ್ನು ಬೇಲಿಯ ಗೂಟಕ್ಕೆ ಹಾಕಿದ್ದರೆ ಜಗಳವೇ ಇರುತ್ತಿರಲಿಲ್ಲ. 60 ಅಡಿಯ ನೇರ ಬೇಲಿ, 6 ಅಡಿಗೊಂದು ಗೂಟ: ಎರಡೂ ತುದಿಗೆ ಗೂಟ ಬೇಕೇ ಬೇಕು, ಇಲ್ಲದಿದ್ದರೆ ತಂತಿ ಎಲ್ಲಿಗೆ ಕಟ್ಟುವುದು? ಉತ್ತರ 11. "ನೇರ" ಎನ್ನುವ ಪದವನ್ನು ಮಾತ್ರ ಬಿಡುವಂತಿಲ್ಲ. ಸುತ್ತುಬೇಲಿಯಾದರೆ ಮೊದಲ ಗೂಟವೇ ಕೊನೆಯ ಗೂಟವೂ ಆಗಿ ಮತ್ತೆ ಹತ್ತಕ್ಕೆ ಬರುತ್ತದೆ.

ಒಗಟಿನ ಪಾಠದಲ್ಲಿ ಒಂದು ಪದದ ತೂಕ ಎಷ್ಟು ಎನ್ನುವುದನ್ನು ನಮ್ಮವರು ಬಹಳ ಹಿಂದೆಯೇ ಬಲ್ಲರು. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಬರೆದ 'ಗಣಿತಸಾರಸಂಗ್ರಹ'ದಲ್ಲಿ ಮಾವಿನ ಹಣ್ಣಿನ ಲೆಕ್ಕವೊಂದಿದೆ. ರಾಶಿಯಲ್ಲಿ ರಾಜ ಆರನೇ ಒಂದು ಪಾಲು ತೆಗೆದುಕೊಂಡ. ಉಳಿದುದರಲ್ಲಿ ರಾಣಿ ಐದನೇ ಒಂದು ಪಾಲು. ಹಾಗೆಯೇ ಮೂವರು ರಾಜಕುಮಾರರು ಉಳಿದುಳಿದುದರಲ್ಲಿ ನಾಲ್ಕನೇ ಒಂದು, ಮೂರನೇ ಒಂದು, ಅರ್ಧ ತೆಗೆದುಕೊಂಡರು. ಕೊನೆಯ ಮಗುವಿಗೆ ಮೂರು ಹಣ್ಣು ಉಳಿಯಿತು. ಹಿಂದಿನಿಂದ ಬಂದರೆ ಬೀಜಗಣಿತವೇ ಬೇಡ: ಮೂರು ಉಳಿದದ್ದು ಅರ್ಧ ಹೋದ ಮೇಲೆ, ಆದ್ದರಿಂದ ಅದಕ್ಕೆ ಮುಂಚೆ ಆರು. ಅದಕ್ಕೆ ಮುಂಚೆ ಒಂಬತ್ತು, ಹನ್ನೆರಡು, ಹದಿನೈದು, ಹದಿನೆಂಟು. ಎಲ್ಲರಿಗೂ ಸಿಕ್ಕಿದ್ದು ಮೂರು ಮೂರೇ. ರಾಜನದ್ದು ಚಿಕ್ಕ ಭಾಗ, ಕೊನೆಯ ರಾಜಕುಮಾರನದ್ದು ಅರ್ಧಕ್ಕರ್ಧ ಎಂದು ಕೇಳಿಸಿಕೊಂಡವರಿಗೆ ಇದು ತಮಾಷೆಯಾಗಿಯೇ ಕಾಣುತ್ತದೆ. ಇದರಲ್ಲಿ "ಉಳಿದುದರಲ್ಲಿ" ಎನ್ನುವುದನ್ನು ಕಿತ್ತು ಹಾಕಿ ನೋಡಿ. ಆ ಐದು ಭಾಗಗಳನ್ನು ಪೂರ್ತಿ ರಾಶಿಯ ಮೇಲೇ ಕೂಡಿದರೆ 60ರಲ್ಲಿ 87 ಆಗುತ್ತದೆ, ಅಂದರೆ ಇದ್ದ ಹಣ್ಣಿನ ಸುಮಾರು ಒಂದೂವರೆ ಪಟ್ಟು. ಮಗುವಿಗೆ ಉಳಿಯುವುದಿರಲಿ, ಅರಮನೆಯವರು ಪಕ್ಕದ ತೋಟಕ್ಕೆ ಹಣ್ಣು ಕೀಳಲು ಹೋಗಬೇಕಾಗುತ್ತದೆ.

ಆದ್ದರಿಂದ ಬೋರ್ಡಿಗೆ ಹೋಗುವ ಮುಂಚೆ ಒಗಟನ್ನು ಅದರ ಉತ್ತರ ಗೊತ್ತಿಲ್ಲದ ಒಬ್ಬರ ಕೈಗೆ ಕೊಡಬೇಕು ಎಂದು ಗೊತ್ತು ಮಾಡಿಕೊಂಡೆವು. ಅದೂ ಆ ವಸ್ತುವಿನ ಜೊತೆ ಬದುಕುವವರ ಕೈಗೆ. ಕಾಫಿ ಗಿಡದ ಲೆಕ್ಕವಾದರೆ ರೈಟರಿಗೆ, ಬಸ್ಸಿನದ್ದಾದರೆ ಕಂಡಕ್ಟರಿಗೆ.

ಎರಡನೆಯ ಪೆಟ್ಟು ಬಿದ್ದದ್ದು "ಮೊದಲು" ಎಂಬ ಪದಕ್ಕೆ. ಶಾಲೆಯ ಹಿಂದಿನ ಬೀದಿಯ ಹುಡುಗರು ಎಂಟೂವರೆಗೇ ಬೋರ್ಡಿನ ಮುಂದೆ. ಕೊಟ್ಟಿಗೆಹಾರ, ಬಾಳೂರು ಕಡೆಯ ಮಕ್ಕಳು ಬಸ್ಸಿಳಿಯುವಾಗ ಪ್ರಾರ್ಥನೆಯ ಗಂಟೆ ಹೊಡೆದಿರುತ್ತದೆ, ಮಳೆಯಲ್ಲಿ ಬಸ್ಸು ತಡವಾದರೆ ಮೊದಲ ಪೀರಿಯಡ್ಡೇ ಮುಗಿದಿರುತ್ತದೆ. ಅವರು ಹಾಳೆ ನೋಡುವ ಹೊತ್ತಿಗೆ ಬಹುಮಾನದ ಪೆನ್ನು ಯಾರದೋ ಜೇಬಿನಲ್ಲಿ. ಇದು ಬುದ್ಧಿಯ ಪರೀಕ್ಷೆಯಲ್ಲ, ಮನೆ ಎಲ್ಲಿದೆ ಎನ್ನುವುದರ ಪರೀಕ್ಷೆ. ಮೊದಲು ಬಂದವರಿಗೆ ಎನ್ನುವುದನ್ನು ಹೊಡೆದು ಹಾಕಿ, ಗಡುವಿನೊಳಗೆ ಬಂದ ಸರಿ ಉತ್ತರಗಳಲ್ಲೆಲ್ಲ ಒಂದು ಚೀಟಿ ಎತ್ತುವುದು ಎಂದು ಮಾಡಿದೆವು.

ಮೂರನೆಯದು ನಕಲು. ಬಂದ ಚೀಟಿಗಳಲ್ಲಿ ಹತ್ತೊಂಬತ್ತರಲ್ಲಿ "ಹನ್ನೊದು" ಎಂದಿತ್ತು. ಸೊನ್ನೆ ನುಂಗಿದವನು ಒಬ್ಬನೇ, ಉಳಿದ ಹದಿನೆಂಟು ಜನ ಶ್ರದ್ಧೆಯಿಂದ ಅದನ್ನೇ ನುಂಗಿದ್ದರು. ಬೋರ್ಡು ಎಲ್ಲರ ಕಣ್ಣೆದುರು ನಾಲ್ಕು ದಿನ ನೇತಾಡುತ್ತದೆ, ಉತ್ತರವೋ ಒಂದು ಪದ. ಮಂಗಳವಾರ ಮಧ್ಯಾಹ್ನದ ಬಿಸಿಯೂಟದ ಹೊತ್ತಿಗೆ ಅದು ಊರ ಸುದ್ದಿ. ಪರೀಕ್ಷೆಯಂತೆ ಕಾವಲು ಕಾಯುವುದು ಇಲ್ಲಿ ಆಗದ ಮಾತು, ಕಾಯಲೂಬಾರದು. ಮಕ್ಕಳು ಒಗಟಿನ ಬಗ್ಗೆ ಮಾತಾಡಿಕೊಳ್ಳಲಿ ಎಂದೇ ಅಲ್ಲವೆ ಅದನ್ನು ಜಗಲಿಯಲ್ಲಿ ಹಾಕಿದ್ದು? ಹಾಗಾದರೆ ಮಾತಾಡಿಕೊಂಡರೂ ನಕಲಾಗದ ಒಗಟು ಬೇಕು. ದಾರಿ ಎಲ್ಲರಿಗೂ ಒಂದೇ, ಹೊರಡುವ ಜಾಗ ಒಬ್ಬೊಬ್ಬರದ್ದು ಒಂದೊಂದು.

ಅಂಥದೊಂದು ಕೈಗೆ ಸಿಕ್ಕಿತು. ಅದನ್ನು ಕಂಡುಹಿಡಿದವರೂ ಶಾಲಾ ಮೇಷ್ಟ್ರೇ. 1905ರಲ್ಲಿ ದಹಾಣುವಿನಲ್ಲಿ ಹುಟ್ಟಿ, ನಾಸಿಕದ ಹತ್ತಿರದ ದೇವಳಾಲಿಯಲ್ಲಿ ಪಾಠ ಹೇಳುತ್ತಿದ್ದ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್. ದೊಡ್ಡ ಪದವಿಯ ಗಣಿತಜ್ಞರಲ್ಲ, ಸಂಖ್ಯೆಗಳ ಜೊತೆ ಆಡುತ್ತ ಕೂರುವ ಮನುಷ್ಯ. 1949ರಲ್ಲಿ ಮದರಾಸಿನ ಗಣಿತ ಸಮ್ಮೇಳನದಲ್ಲಿ ಅವರು 6174 ಎಂಬ ಸಂಖ್ಯೆಯ ಸಂಗತಿ ಮುಂದಿಟ್ಟರು. ಹೊರಗಿನ ಲೋಕಕ್ಕೆ ಅವರ ಹೆಸರು ಚೆನ್ನಾಗಿ ಗೊತ್ತಾದದ್ದು 1975ರಲ್ಲಿ, ಅಮೆರಿಕದ ಮಾರ್ಟಿನ್ ಗಾರ್ಡ್ನರ್ ತಮ್ಮ ಅಂಕಣದಲ್ಲಿ ಬರೆದ ಮೇಲೆ.

ಸಂಗತಿ ಇಷ್ಟು. ಯಾವುದಾದರೂ ನಾಲ್ಕಂಕಿಯ ಸಂಖ್ಯೆ ತೆಗೆದುಕೊಳ್ಳಿ, ನಾಲ್ಕೂ ಅಂಕಿ ಒಂದೇ ಆಗಿರಬಾರದು, ಅಷ್ಟೆ. ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಅದರಲ್ಲಿ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ್ದನ್ನು ಕಳೆಯಿರಿ. ಬಂದದ್ದಕ್ಕೆ ಮತ್ತೆ ಹಾಗೇ ಮಾಡಿ. ಹೆಚ್ಚೆಂದರೆ ಏಳು ಸಲಕ್ಕೆ 6174 ಬಂದು ಕೂರುತ್ತದೆ, ಆಮೇಲೆ ಎಷ್ಟು ಕಳೆದರೂ ಅದು ಕದಲುವುದಿಲ್ಲ. ನಾವು ಹೊರಡುವ ಸಂಖ್ಯೆಯಾಗಿ ಮಗುವಿನ ಹುಟ್ಟಿದ ದಿನ, ತಿಂಗಳನ್ನು ಇಟ್ಟುಕೊಂಡೆವು. ಆಗಸ್ಟ್ 15 ಎಂದರೆ 1508. 8510ರಲ್ಲಿ 0158 ಕಳೆದರೆ 8352. 8532ರಲ್ಲಿ 2358 ಕಳೆದರೆ 6174. ಎರಡೇ ಹೆಜ್ಜೆ. ಇನ್ನು ಜನವರಿ 26ನ್ನು ನೋಡಿ, 2601:

6210 − 0126 = 6084
8640 − 0468 = 8172
8721 − 1278 = 7443
7443 − 3447 = 3996
9963 − 3699 = 6264
6642 − 2466 = 4176
7641 − 1467 = 6174

ಭರ್ತಿ ಏಳು. ಸ್ವಾತಂತ್ರ್ಯ ಎರಡು ಹೆಜ್ಜೆಗೆ ಸಿಕ್ಕಿತು, ಗಣರಾಜ್ಯಕ್ಕೆ ಏಳು ಹೆಜ್ಜೆ ಬೇಕಾಯಿತು ಎಂದು ಮೇಷ್ಟ್ರು ನಕ್ಕರು. ಅದನ್ನು ನೋಟಿಸಿನಲ್ಲಿ ಬರೆಯಬೇಡಿ ಎಂದೆ.

6174 ಎನ್ನುವ ಗುಟ್ಟು ಮಂಗಳವಾರವೇ ಬಯಲಾದರೂ ಚಿಂತೆಯಿಲ್ಲ. ನಾವು ಕೇಳುವುದು ಅಲ್ಲಿಗೆ ಎಷ್ಟು ಹೆಜ್ಜೆಗೆ ಬಂದಿರಿ ಎಂದು. ಅದನ್ನು ಪಕ್ಕದವನ ಚೀಟಿ ಹೇಳಲಾರದು, ಅವನು ಹುಟ್ಟಿದ್ದು ಬೇರೆ ದಿನ.

ಕೊನೆಗೆ ಬೋರ್ಡಿಗೆ ಏರಿದ ನೋಟಿಸನ್ನು ಹಾಗೆಯೇ ಕೊಡುತ್ತೇನೆ. ಆರು ಸಲ ತಿದ್ದಿದ್ದು.

ಒಗಟಿನ ಮೂಲೆ: ಎರಡನೇ ವಾರ
5ರಿಂದ 10ನೇ ತರಗತಿಯ ಎಲ್ಲರಿಗೂ

ಒಗಟು: ನೀವು ಹುಟ್ಟಿದ ದಿನ ಮತ್ತು ತಿಂಗಳನ್ನು ನಾಲ್ಕು ಅಂಕಿಗಳಲ್ಲಿ ಬರೆಯಿರಿ. ಆಗಸ್ಟ್ 15 ಆದರೆ 1508, ಏಪ್ರಿಲ್ 3 ಆದರೆ 0304. ಇಸವಿ ಬೇಡ. ಆ ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ಒಂದು ಸಂಖ್ಯೆ ಮಾಡಿ. ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ಇನ್ನೊಂದು ಮಾಡಿ. ದೊಡ್ಡ ಸಂಖ್ಯೆಯಲ್ಲಿ ಚಿಕ್ಕದನ್ನು ಕಳೆಯಿರಿ. ಬಂದ ಉತ್ತರಕ್ಕೂ ಹೀಗೆಯೇ ಮಾಡುತ್ತ ಹೋಗಿ. ಒಂದು ಸಂಖ್ಯೆ ಬಂದ ಮೇಲೆ ಮತ್ತೆ ಮತ್ತೆ ಅದೇ ಬರುತ್ತದೆ. ಅದು ಯಾವುದು? ಎಷ್ಟನೇ ಸಲ ಕಳೆದಾಗ ಅದು ಮೊದಲ ಬಾರಿಗೆ ಬಂತು?

ಗಮನಿಸಿ: ಪ್ರತಿ ಉತ್ತರದಲ್ಲೂ ನಾಲ್ಕು ಅಂಕಿ ಇರಬೇಕು. ಕಡಿಮೆ ಬಂದರೆ ಮುಂದೆ ಸೊನ್ನೆ ಹಾಕಿಕೊಳ್ಳಿ. ನವೆಂಬರ್ 11ರಂದು ಹುಟ್ಟಿದವರು ಮನೆಯವರೊಬ್ಬರ ಹುಟ್ಟಿದ ದಿನ ತೆಗೆದುಕೊಳ್ಳಿ.

ಉತ್ತರ ಕೊಡುವುದು ಹೇಗೆ: ನೋಟ್‌ಬುಕ್ ಹಾಳೆಯ ಕಾಲು ಭಾಗ ಸಾಕು. ಒಂದು ಬದಿಯಲ್ಲಿ ಮಾಡಿದ ಲೆಕ್ಕದ ಎಲ್ಲ ಸಾಲುಗಳು ಮತ್ತು ಉತ್ತರ. ಇನ್ನೊಂದು ಬದಿಯಲ್ಲಿ ಹೆಸರು, ತರಗತಿ, ಹಾಜರಿ ಸಂಖ್ಯೆ. ಮಡಚಿ, ಸ್ಟಾಫ್ ರೂಮಿನ ಬಾಗಿಲ ಪಕ್ಕದ ಡಬ್ಬಿಗೆ ಹಾಕಿ. ಕನ್ನಡ ಅಂಕಿಯಲ್ಲೂ ಬರೆಯಬಹುದು. ಒಬ್ಬರಿಗೆ ಒಂದೇ ಚೀಟಿ.

ಗಡುವು: ಗುರುವಾರ ಶಾಲೆ ಬಿಡುವ ಗಂಟೆಯವರೆಗೆ. ಗುರುವಾರ ರಜೆ ಬಂದರೆ ಅದರ ಮುಂದಿನ ಶಾಲಾ ದಿನ ಶಾಲೆ ಬಿಡುವವರೆಗೆ.

ಬಹುಮಾನ: ಸರಿ ಇರುವ ಚೀಟಿಗಳಲ್ಲಿ ಒಂದನ್ನು ಶನಿವಾರ ಪ್ರಾರ್ಥನೆಯ ಹೊತ್ತಿಗೆ ಎಲ್ಲರೆದುರು ಎತ್ತುತ್ತೇವೆ. ಒಟ್ಟಿಗೆ ಕೂತು ಲೆಕ್ಕ ಮಾಡಬಹುದು, ಸಂಖ್ಯೆ ನಿಮ್ಮದೇ ಇರಬೇಕು.

ಇದರಲ್ಲಿ ಸುಮ್ಮನೆ ಕೂತ ಮಾತು ಒಂದೂ ಇಲ್ಲ. "ಮೊದಲ ಬಾರಿಗೆ" ಎನ್ನುವುದನ್ನು ಬಿಟ್ಟರೆ ಆಗಸ್ಟ್ 15ರ ಹುಡುಗ, 6174 ಮತ್ತೆ ಬಂತೇ ಎಂದು ಇನ್ನೊಮ್ಮೆ ಕಳೆದು ಖಚಿತ ಮಾಡಿಕೊಂಡು, ಎರಡರ ಬದಲು ಮೂರು ಎಂದು ಬರೆಯುತ್ತಾನೆ, ಅವನದ್ದೂ ತಪ್ಪಲ್ಲ. ರಜೆಯ ಸಾಲು ಬಯಲುಸೀಮೆಯ ಶಾಲೆಯವರಿಗೆ ವಿಚಿತ್ರವಾಗಿ ಕಾಣಬಹುದು. ನಮ್ಮಲ್ಲಿ ಜುಲೈ, ಆಗಸ್ಟಿನಲ್ಲಿ ಮಳೆ ಜೋರಾದರೆ ತಾಲ್ಲೂಕಿಗೇ ರಜೆ ಘೋಷಣೆಯಾಗುತ್ತದೆ, ಕೆಲವು ಸಲ ಬೆಳಗ್ಗೆ ಯೂನಿಫಾರಂ ಹಾಕಿಕೊಂಡ ಮೇಲೆ ಗೊತ್ತಾಗುತ್ತದೆ. ಗಡುವಿಗೆ ತಾರೀಖು ಮಾತ್ರ ಬರೆದರೆ ಆ ತಾರೀಖಿನಂದು ಶಾಲೆಯೇ ಇರುವುದಿಲ್ಲ. ಕನ್ನಡ ಅಂಕಿಗೆ ಅವಕಾಶ ಕೊಟ್ಟದ್ದು ನನ್ನ ಹಟ. ಒಂದು ಎಚ್ಚರಿಕೆ: ಅವಸರದ ಕೈಯಲ್ಲಿ ೬ ಮತ್ತು ೯ ಅಣ್ಣತಮ್ಮಂದಿರಂತೆ ಕಾಣುತ್ತವೆ. ಇನ್ನು ಲೈನ್ ಮನೆಗಳಿಂದ ಬರುವ ಮಕ್ಕಳಲ್ಲಿ ಮನೆಯಲ್ಲಿ ತಮಿಳು, ತುಳು ಆಡುವವರಿದ್ದಾರೆ. ಕಳೆಯುವ ಲೆಕ್ಕಕ್ಕೆ ಅದು ಅಡ್ಡಿಯಲ್ಲ.

ಸೊನ್ನೆಯ ಮಾತು ಹೇಳಲೇಬೇಕು. ನವೆಂಬರ್ 1, ರಾಜ್ಯೋತ್ಸವದ ದಿನ ಹುಟ್ಟಿದ ಮಗುವನ್ನು ನೆನೆಸಿಕೊಳ್ಳಿ. 0111. 1110ರಲ್ಲಿ 0111 ಕಳೆದರೆ 999. ಮಗು ಅದನ್ನು ಮೂರಂಕಿಯಾಗಿ ಬಿಟ್ಟರೆ ದೊಡ್ಡದಾಗಿ ಜೋಡಿಸಿದರೂ 999, ಚಿಕ್ಕದಾಗಿ ಜೋಡಿಸಿದರೂ 999, ಕಳೆದರೆ ಸೊನ್ನೆ, ಕಥೆ ಮುಗಿಯಿತು. ಅದನ್ನೇ 0999 ಎಂದು ಬರೆದುಕೊಂಡರೆ 9990ರಲ್ಲಿ 0999 ಕಳೆದು 8991, ಆಮೇಲೆ 8082, 8532, ಐದನೇ ಸಲಕ್ಕೆ 6174. ಜನವರಿ 11, ನವೆಂಬರ್ 10ರವರೂ ಇದೇ ಗುಂಡಿಗೆ ಕಾಲಿಡುತ್ತಾರೆ. ನೋಟಿಸಿನಲ್ಲಿ ಆ ಒಂದು ಸಾಲಿಲ್ಲದಿದ್ದರೆ ಅವರೆಲ್ಲ ತಮ್ಮ ಹುಟ್ಟಿದ ದಿನವೇ ಕೆಟ್ಟದ್ದು ಎಂದುಕೊಂಡು ಚೀಟಿ ಹರಿದು ಹಾಕುತ್ತಿದ್ದರು.

ಇನ್ನು ಮೇಷ್ಟ್ರ ಕಷ್ಟ. ಡಬ್ಬಿಯಲ್ಲಿ ಅರವತ್ತು ಚೀಟಿ ಇದ್ದರೆ ಅರವತ್ತು ಬೇರೆ ಬೇರೆ ಲೆಕ್ಕ. ಕೊನೆಯ ಸಾಲು ನೋಡಿ ಸರಿ ಹಾಕೋಣವೆಂದರೆ ಈ ಒಗಟಿಗೊಂದು ಕಳ್ಳತನವಿದೆ: ನಡುವೆ ಲೆಕ್ಕ ತಪ್ಪಿದರೂ ಕೊನೆಗೆ 6174ಕ್ಕೇ ಬರುತ್ತದೆ! ತಪ್ಪಿ ಬಂದ ಸಂಖ್ಯೆಯೂ ನಾಲ್ಕಂಕಿಯ ಒಂದು ಸಂಖ್ಯೆಯೇ ತಾನೆ, ಅದೂ ತನ್ನ ದಾರಿ ಹಿಡಿದು ಅಲ್ಲಿಗೇ ಇಳಿಯುತ್ತದೆ. ಬಣಕಲ್ ಸುತ್ತಿನ ಹಳ್ಳಗಳೆಲ್ಲ ಯಾವ ಕಡೆ ತಿರುಗಿಕೊಂಡರೂ ಹೇಮಾವತಿಗೆ ಸೇರುವ ಹಾಗೆ.

ಒಂದು ಚೀಟಿಯಲ್ಲಿ ಆದದ್ದನ್ನೇ ಹೇಳುತ್ತೇನೆ. ಜನವರಿ 26ರ ಹುಡುಗನೊಬ್ಬ ಮೊದಲ ಸಾಲು ಸರಿಯಾಗಿ ಮಾಡಿ 6084 ತಂದಿದ್ದ. ಎರಡನೇ ಸಾಲಿನಲ್ಲಿ 0468 ಬರೆಯುವ ಬದಲು 0486 ಬರೆದ. 8640ರಲ್ಲಿ ಅದನ್ನು ಕಳೆದು 8154. ಅಲ್ಲಿಂದ 7083, 8352, 6174. ಐದು ಸಲ ಎಂದು ಉತ್ತರ. ಕೊನೆ ಸರಿ, ನಡುವೆ ತಪ್ಪು. ಎಲ್ಲ ಸಾಲುಗಳನ್ನೂ ಬರೆಯಿರಿ ಎಂದು ನೋಟಿಸಿನಲ್ಲಿ ಕೇಳದಿದ್ದರೆ ಐದು ಏಕೆ, ಏಳು ಏಕಲ್ಲ ಎಂದು ಅವನಿಗೆ ತೋರಿಸಲು ನಮ್ಮ ಬಳಿ ಏನೂ ಇರುತ್ತಿರಲಿಲ್ಲ.

ಹಳೆಯ ಕಾಲದ ಒಂಬತ್ತರ ತಾಳೆ ಇಲ್ಲಿ ಅರ್ಧ ಮಾತ್ರ ಕೆಲಸಕ್ಕೆ ಬರುತ್ತದೆ. ಒಂದೇ ಅಂಕಿಗಳನ್ನು ಎರಡು ರೀತಿ ಜೋಡಿಸಿ ಕಳೆದರೆ ಬರುವ ಉತ್ತರದ ಅಂಕಿಗಳ ಮೊತ್ತ ಒಂಬತ್ತರ ಮಗ್ಗಿಯಲ್ಲೇ ಇರುತ್ತದೆ. 8172 ಕೂಡಿದರೆ 18, 3996 ಕೂಡಿದರೆ 27. ಸಾಲ ತರುವುದರಲ್ಲಿ ಎಡವಿದ ಚೀಟಿಗಳು ಬಹುಮಟ್ಟಿಗೆ ಇದರಲ್ಲೇ ಸಿಕ್ಕಿಬೀಳುತ್ತವೆ. ಆದರೆ ನಮ್ಮ ಹುಡುಗನ 8154 ಕೂಡ 18. ಅಂಕಿ ಅದಲು ಬದಲಾದ ತಪ್ಪು ಈ ಜರಡಿಯಲ್ಲಿ ಸಲೀಸಾಗಿ ಜಾರುತ್ತದೆ.

ಅದಕ್ಕೆ ಮೇಷ್ಟ್ರು ಒಂದು ಶುಕ್ರವಾರ ಸಂಜೆ ಕೂತು ಪಟ್ಟಿ ಮಾಡಿದರು. ನಾಲ್ಕು ಅಂಕಿಗಳಲ್ಲಿ ಎಲ್ಲಕ್ಕಿಂತ ದೊಡ್ಡದರಿಂದ ಎಲ್ಲಕ್ಕಿಂತ ಚಿಕ್ಕದನ್ನು ಕಳೆದು 999ರಿಂದ ಗುಣಿಸಿ. ನಡುವಿನ ಎರಡರ ವ್ಯತ್ಯಾಸವನ್ನು 90ರಿಂದ ಗುಣಿಸಿ. ಎರಡನ್ನೂ ಕೂಡಿದರೆ ಉತ್ತರ ಬಂದಾಯಿತು. 6084ರಲ್ಲಿ 8 ಮತ್ತು 0, ವ್ಯತ್ಯಾಸ 8, ಅಲ್ಲಿಗೆ 7992. ನಡುವೆ 6 ಮತ್ತು 4, ವ್ಯತ್ಯಾಸ 2, ಅಲ್ಲಿಗೆ 180. ಒಟ್ಟು 8172. ಹುಡುಗನ 8154 ಅಲ್ಲ. ಯಾಕೆ ಹೀಗೆ ಎಂದರೆ, ಸಾವಿರದ ಸ್ಥಾನದಲ್ಲಿದ್ದ ದೊಡ್ಡ ಅಂಕಿ ಕಳೆಯುವ ಸಂಖ್ಯೆಯಲ್ಲಿ ಬಿಡಿಯ ಸ್ಥಾನಕ್ಕೆ ಇಳಿಯುತ್ತದೆ, 1000ರಿಂದ 1 ಹೋಗಿ 999 ಉಳಿಯುತ್ತದೆ. ನೂರರದ್ದು ಹತ್ತಕ್ಕೆ ಇಳಿದು 90. ದೊಡ್ಡ ವ್ಯತ್ಯಾಸ 1ರಿಂದ 9ರವರೆಗೆ ಇರಬಹುದು, ನಡುವಿನದ್ದು ಅದಕ್ಕಿಂತ ಹೆಚ್ಚಾಗಲಾರದು. ಎಣಿಸಿದರೆ ಒಟ್ಟು 54 ಜೋಡಿ. ಅಂದರೆ ಶಾಲೆಯ ಮಕ್ಕಳೆಲ್ಲ ಯಾವ ದಿನ ಬೇಕಾದರೂ ಹುಟ್ಟಿರಲಿ, ಮೊದಲ ಕಳೆಯುವಿಕೆಯ ಮೇಲೆ 54 ಸಂಖ್ಯೆಗಳ ಆಚೆ ಹೋಗಲಾರರು. ಪ್ರತಿಯೊಂದರ ಪಕ್ಕದಲ್ಲಿ ಮುಂದಿನ ಸಂಖ್ಯೆ, 6174ಕ್ಕೆ ಇನ್ನೆಷ್ಟು ಹೆಜ್ಜೆ ಎಂದು ಬರೆದುಕೊಂಡರೆ ಒಂದೇ ಹಾಳೆ. ಅದನ್ನು ಪಕ್ಕದಲ್ಲಿಟ್ಟುಕೊಂಡು ಅರವತ್ತು ಚೀಟಿಯನ್ನು ಒಂದು ಲೋಟ ಕಾಫಿ ಆರುವುದರೊಳಗೆ ನೋಡಿ ಮುಗಿಸಿದರು.

ಚೀಟಿಯ ಲೆಕ್ಕದ ಬದಿ ಮಾತ್ರ ನೋಡುವುದು, ಹೆಸರಿನ ಬದಿ ತಿರುಗಿಸುವುದು ಆಮೇಲೆ. ತಪ್ಪಿದ ಚೀಟಿಯಲ್ಲಿ ತಪ್ಪಿದ ಸಾಲಿನ ಪಕ್ಕ ಒಂದು ಚುಕ್ಕೆ ಇಟ್ಟು ಮರಳಿಸುತ್ತಾರೆ, ಅಂಕ ಗಿಂಕ ಇಲ್ಲ. ಸೋಮವಾರ ಹೊಸ ಒಗಟಿನ ಪಕ್ಕದಲ್ಲಿ ಹಳೆಯದರ ಉತ್ತರ, ಒಂದು ಸರಿ ಚೀಟಿ, ಒಪ್ಪಿಗೆ ಕೇಳಿ, ಹೆಸರು ಮುಚ್ಚಿ ಒಂದು ತಪ್ಪು ಚೀಟಿ. ಮಕ್ಕಳು ಹೆಚ್ಚು ಹೊತ್ತು ನಿಂತು ನೋಡುವುದು ಆ ತಪ್ಪಿನ ಚೀಟಿಯನ್ನೇ.

ಆ ನವೆಂಬರ್ 11ರ ಸಾಲು ಮಾತ್ರ ನಾವಾಗಿ ಯೋಚಿಸಿ ಬರೆದದ್ದಲ್ಲ. ನೋಟಿಸು ಹಚ್ಚಿದ ದಿನವೇ ಐದನೇ ತರಗತಿಯ ಹುಡುಗನೊಬ್ಬ ಬಂದು "ಸಾರ್, ನಂದು ಶುರುವಲ್ಲೇ ಸೊನ್ನೆ ಬಂತು" ಎಂದ. 1111. ವರ್ಷದ ದಿನಗಳಲ್ಲಿ ನಾಲ್ಕೂ ಅಂಕಿ ಒಂದೇ ಆಗುವುದು ಅದೊಂದೇ ದಿನ, ಅದೇ ದಿನ ಹುಟ್ಟಿದ ಪುಣ್ಯಾತ್ಮ ನಮ್ಮ ಶಾಲೆಯಲ್ಲೇ ಇದ್ದ. ಕವರಿನಿಂದ ಹಾಳೆ ಎಳೆದು ಆ ಸಾಲು ಸೇರಿಸಿದ್ದಾಯಿತು. ಅಮ್ಮನ ಹುಟ್ಟಿದ ದಿನ ಕೇಳಿಕೊಂಡು ಬಾ ಎಂದು ಕಳಿಸಿದರು. ಮಾರನೇ ದಿನ ಬಂದ.

"ಅಮ್ಮಂಗೆ ಗೊತ್ತಿಲ್ವಂತೆ ಸಾರ್. ಆಧಾರ್ ಕಾರ್ಡಲ್ಲಿ ಜೂನ್ ಒಂದು ಅಂತ ಇದೆ."

ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ಜೂನ್ 1 ಎಂದು ಬರೆದುಕೊಂಡ ಮೇಷ್ಟ್ರುಗಳ ದೊಡ್ಡ ಪರಂಪರೆ ನಮ್ಮಲ್ಲಿದೆ. ನನ್ನ ಓರಗೆಯ ಅರ್ಧ ಊರಿನ ಹುಟ್ಟುಹಬ್ಬ ಒಂದೇ ದಿನ. 0106 ಎಂದು ಬರೆದುಕೊಂಡು ಅವನು ಜಗಲಿಯ ಮೇಲೆ ಕೂತ. 6100ರಲ್ಲಿ 0016 ಕಳೆದ, 6084 ಬಂತು. ಅದಾದ ಮೇಲೆ 8172, 7443, 3996. ಇದಿನ್ನೂ ಮುಗಿಯಲ್ವಾ ಎನ್ನುವಂತೆ ಒಮ್ಮೆ ತಲೆಯೆತ್ತಿ ನೋಡಿದ, ಮತ್ತೆ ಬಗ್ಗಿದ. ಏಳನೇ ಸಾಲಿಗೆ 6174 ಬಂತು. ಕಾಲು ಹಾಳೆ ಸಾಲದೆ ಹಿಂಬದಿಯ ಹೆಸರಿನ ಜಾಗಕ್ಕೂ ಲೆಕ್ಕ ಹತ್ತಿತ್ತು. ಮುಂದಿನ ವಾರದ ನೋಟಿಸಿನಲ್ಲಿ "ಕಾಲು ಭಾಗ ಸಾಕು" ಎನ್ನುವುದನ್ನು ಹೊಡೆದು "ಅರ್ಧ ಹಾಳೆ" ಎಂದು ಬರೆದೆ.